ಸಮ್ಮೇಳನದಲ್ಲಿ ಉತ್ತರಿಸಲಾಗದೆ ಉಳಿದ ಪ್ರಶ್ನೆಯಿಂದ ಆರಂಭವಾದ ಇಮೇಲ್

ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಮಾರಾಟದ ಹೊಣೆ ನನ್ನದು. ಸದಸ್ಯ ರೈತರು ಬೆಳೆದ ಸಾಮೆ ಮತ್ತು ನವಣೆಯನ್ನು ಕೊಂಡು, ಹೊಟ್ಟು ಬಿಡಿಸಿ, ಅಕ್ಕಿ ಮಾಡಿ ಮಾರುತ್ತೇವೆ. ವರ್ಷಕ್ಕೆ ಎರಡು ಮೂರು ಸಿರಿಧಾನ್ಯ ಸಮ್ಮೇಳನಗಳಿಗೆ ಹೋಗುತ್ತೇನೆ. ಪ್ರತಿ ಬಾರಿಯೂ ನಲವತ್ತು ಐವತ್ತು ವಿಸಿಟಿಂಗ್ ಕಾರ್ಡುಗಳು ಜೇಬಿಗೆ ಬರುತ್ತವೆ, ಆದರೆ ಅವುಗಳಲ್ಲಿ ವ್ಯಾಪಾರವಾಗಿ ಮುಂದುವರಿಯುವುದು ಬಹಳ ಕಡಿಮೆ. ಪರಿಚಯವಾದ ನಂತರ ಬರೆಯುವ ಮೊದಲ ಇಮೇಲ್‌ನಲ್ಲಿ ನಾನು ಮಾಡಿದ ಒಂದು ತಪ್ಪನ್ನೂ, ಅದರ ಮುಂದಿನ ವರ್ಷ ಬೇರೆ ರೀತಿಯಲ್ಲಿ ಬರೆದ ಇನ್ನೊಂದು ಇಮೇಲ್ ಅನ್ನೂ ಇಲ್ಲಿ ವಿವರವಾಗಿ ಹೇಳುತ್ತೇನೆ.

ಮೊದಲು ತಪ್ಪಿನ ವಿಷಯ. ಎರಡು ವರ್ಷಗಳ ಹಿಂದೆ ಒಂದು ಆಹಾರ ಕಂಪನಿಯ ಖರೀದಿ ಅಧಿಕಾರಿಯೊಬ್ಬರು ನಮ್ಮ ಮಳಿಗೆಗೆ ಬಂದು ಹತ್ತು ನಿಮಿಷ ಮಾತನಾಡಿದ್ದರು. ಊರಿಗೆ ಮರಳಿದ ಮೇಲೆ ಬೇರೆ ಕೆಲಸಗಳು ಮುತ್ತಿಕೊಂಡು, ಒಂಬತ್ತನೆಯ ದಿನ ಅವರಿಗೆ ಬರೆದೆ. ಭೇಟಿಯಾಗಿ ಸಂತೋಷವಾಯಿತು ಎಂದು ಆರಂಭಿಸಿ, ನಮ್ಮ ಕಂಪನಿಯ ಪರಿಚಯ ಪುಸ್ತಿಕೆಯನ್ನು ಲಗತ್ತಿಸಿ, "ನೀವು ಹೇಳಿದಂತೆ ತಿಂಗಳಿಗೆ ಐದು ಟನ್ ಪೂರೈಸಲು ನಾವು ಸಿದ್ಧರಿದ್ದೇವೆ, ದರ ಕಳುಹಿಸಲೇ?" ಎಂದು ಮುಗಿಸಿದೆ. ಅವರಿಂದ ಬಂದ ಉತ್ತರ ಒಂದೇ ಸಾಲಿನದು: ಅಂತಹ ಪ್ರಮಾಣವನ್ನು ತಾವು ಹೇಳಿಲ್ಲ, ಮುಂದಿನ ವ್ಯವಹಾರವನ್ನು ಖರೀದಿ ವಿಭಾಗದ ಸಾಮಾನ್ಯ ವಿಳಾಸಕ್ಕೆ ಬರೆಯಬೇಕು. ಅದರ ನಂತರ ಅವರು ನನ್ನ ಫೋನ್ ಕರೆಯನ್ನೂ ತೆಗೆದುಕೊಳ್ಳಲಿಲ್ಲ.

ನನಗೆ ಆಶ್ಚರ್ಯವಾಯಿತು, ಏಕೆಂದರೆ ಐದು ಟನ್ ಎಂಬ ಮಾತು ನನ್ನ ಕಿವಿಯಲ್ಲಿ ಇನ್ನೂ ಸ್ಪಷ್ಟವಾಗಿತ್ತು. ಅಂದು ಮಳಿಗೆಯಲ್ಲಿ ಜೊತೆಗಿದ್ದ ನಮ್ಮ ಹುಡುಗನನ್ನು ಕೇಳಿದೆ. "ಹೌದು ಸರ್, ಐದು ಟನ್ ಅಂದರು. ಆದರೆ ಮೊದಲು ಎಲ್ಲಾ ಸರಿಹೋದರೆ, ಒಂದು ವರ್ಷದ ಮೇಲೆ ಅಲ್ಲಿಗೆ ಹೋಗಬಹುದು ಅಂದಿದ್ದರಲ್ಲ" ಎಂದ. ಒಂಬತ್ತು ದಿನಗಳಲ್ಲಿ ನನ್ನ ನೆನಪಿನಿಂದ 'ಸರಿಹೋದರೆ' ಜಾರಿ, 'ಐದು ಟನ್' ಮಾತ್ರ ಉಳಿದಿತ್ತು. ಖರೀದಿಯವರ ಕೆಲಸದಲ್ಲಿ ಇದು ಸಣ್ಣ ವಿಷಯವಲ್ಲ. ಇಮೇಲ್‌ನಲ್ಲಿ "ನೀವು ಹೇಳಿದಂತೆ" ಎಂದು ಒಂದು ಪ್ರಮಾಣವನ್ನು ಬರೆದರೆ, ನಾಳೆ ಅದನ್ನು ಅವರ ಮೇಲಧಿಕಾರಿ ಓದಿದಾಗ ಅನುಮತಿಯಿಲ್ಲದೆ ಮಾತು ಕೊಟ್ಟಂತೆ ಕಾಣುತ್ತದೆ. ಅವರು ಹಿಂದೆ ಸರಿದದ್ದು ಸಹಜವೇ ಆಗಿತ್ತು.

ಮುಂದಿನ ವರ್ಷ ಜನವರಿಯಲ್ಲಿ ಬೆಂಗಳೂರಿನ ಸಮ್ಮೇಳನದಲ್ಲಿ ಇನ್ನೊಂದು ಕಂಪನಿಯ ಗುಣಮಟ್ಟ ವಿಭಾಗದ ಮೇಡಂ ಒಬ್ಬರ ಪರಿಚಯವಾಯಿತು. ಅವರಿಗೆ ಬೇಕಾದದ್ದು ಪಾಲಿಶ್ ಮಾಡದ ಸಾಮೆ ಅಕ್ಕಿ. ಈ ಅಕ್ಕಿಯ ತೊಂದರೆ ಬಲ್ಲವರಿಗೆ ಗೊತ್ತು. ಹೊಟ್ಟಿನೊಳಗಿರುವ ತನಕ ಕಾಳು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹೊಟ್ಟು ಬಿಡಿಸುವಾಗ ತೌಡಿನ ಪದರಕ್ಕೆ ಪೆಟ್ಟು ಬಿದ್ದು, ಅದರಲ್ಲಿರುವ ಎಣ್ಣೆಯ ಅಂಶ ಕಿಣ್ವಗಳ ಮತ್ತು ಗಾಳಿಯ ಸಂಪರ್ಕಕ್ಕೆ ಬಂದು, ದಿನ ಕಳೆದಂತೆ ಅಕ್ಕಿಗೆ ಕಮಟು ವಾಸನೆ, ಸ್ವಲ್ಪ ಕಹಿ ಬರತೊಡಗುತ್ತದೆ. ಪಾಲಿಶ್ ಮಾಡಿದರೆ ತೌಡು ಹೋಗುತ್ತದೆ, ಬಾಳಿಕೆ ಹೆಚ್ಚುತ್ತದೆ, ಆದರೆ ಗಿರಾಕಿ ಸಿರಿಧಾನ್ಯವನ್ನು ಕೊಳ್ಳುವುದೇ ಆ ತೌಡಿನ ನಾರಿನಂಶಕ್ಕಾಗಿ. ನಾವು ಸಾಮೆಯನ್ನು ಹೊಟ್ಟಿನ ಸಮೇತ ಇಟ್ಟುಕೊಂಡು, ಆರ್ಡರ್ ಬಂದ ಮೇಲಷ್ಟೇ ಹೊಟ್ಟು ಬಿಡಿಸುತ್ತೇವೆ ಎಂದೆ. ಅವರು ತಕ್ಷಣ ಕೇಳಿದರು: "ಹೊಟ್ಟು ಬಿಡಿಸಿದ ಮೇಲೆ ಲಾರಿ ಹತ್ತುವುದಕ್ಕೆ ಎಷ್ಟು ದಿನ ಆಗುತ್ತದೆ?" ನನಗೆ ಗೊತ್ತಿರಲಿಲ್ಲ. ಎರಡು ಮೂರು ದಿನ ಎಂದು ಹೇಳಿಬಿಡಬಹುದಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು. ರಿಜಿಸ್ಟರ್ ನೋಡಿ ಬರೆಯುತ್ತೇನೆ ಎಂದೆ.

ಅಂದು ರಾತ್ರಿ ಊರಿಗೆ ಹೊರಟ ಬಸ್ಸು ಬೆಂಗಳೂರು ದಾಟುವ ಮುನ್ನವೇ ಅವರ ಕಾರ್ಡಿನ ಹಿಂಬದಿಯಲ್ಲಿ ಮೂರು ವಿಷಯ ಬರೆದುಕೊಂಡೆ. ಅವರು ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದೆ. ನಾನು ಕೊಟ್ಟ ಮಾತು ಏನು ಎಂಬುದನ್ನು ಬರೆದೆ. ಮೂರನೆಯದು, ಕಾಫಿ ಕುಡಿಯುವಾಗ ಅವರು ಸಲಿಗೆಯಿಂದ ಹೇಳಿದ ಒಂದು ಸಂಗತಿ: ಈಗಿನ ಪೂರೈಕೆದಾರರಿಂದ ಬಂದ ಮಾಲು ಅಂಗಡಿಗಳಿಂದ ವಾಪಸಾಗಿತ್ತು. ಇದರ ಮುಂದೆ ಒಂದು ಕತ್ತರಿ ಗುರುತು ಹಾಕಿಕೊಂಡೆ. ಇದು ತಿಳಿದಿರಬೇಕಾದ, ಆದರೆ ಬರವಣಿಗೆಯಲ್ಲಿ ಎಲ್ಲಿಯೂ ಬರಬಾರದ ವಿಷಯ ಎಂಬುದು ಆ ಗುರುತಿನ ಅರ್ಥ. ಸಂಭಾಷಣೆಯನ್ನು ನೆನಪಿಸುವ ಉತ್ಸಾಹದಲ್ಲಿ ಇಂತಹ ಮಾತನ್ನು ಇಮೇಲ್‌ಗೆ ಸೇರಿಸಿದರೆ, ನಂಬಿ ಹೇಳಿದವರನ್ನು ಅವರ ಕಚೇರಿಯಲ್ಲೇ ಸಿಕ್ಕಿಸಿದಂತಾಗುತ್ತದೆ. ಇಮೇಲ್ ಅನ್ನು ಬರೆಯುವುದು ಒಬ್ಬರಿಗಾದರೂ ಓದುವವರು ಮೂವರು ನಾಲ್ವರು ಎಂದೇ ಲೆಕ್ಕ ಹಾಕಬೇಕು.

ಸಮ್ಮೇಳನ ಮುಗಿದದ್ದು ಭಾನುವಾರ. ಸೋಮವಾರ ಮತ್ತು ಮಂಗಳವಾರ ಗೋದಾಮಿನ ರಿಜಿಸ್ಟರ್ ಹಾಗೂ ರವಾನೆ ಚೀಟಿಗಳನ್ನು ಎದುರುಬದುರು ಇಟ್ಟುಕೊಂಡು, ಹೊಸ ಸುಗ್ಗಿಯ ನಂತರ ಹೋದ ಆರು ಲಾಟುಗಳ ದಿನ ಎಣಿಸಿದೆ. 4, 5, 5, 7, 9 ಮತ್ತು 16 ದಿನ. ನನ್ನ ಬಾಯಿಗೆ ಬಂದಿದ್ದ ಎರಡು ಮೂರು ದಿನ ಎಂಬುದು ಒಂದು ಲಾಟಿಗೂ ನಿಜವಾಗಿರಲಿಲ್ಲ. 16 ದಿನದ ಲಾಟನ್ನು ಬರೆಯಬೇಕೋ ಬೇಡವೋ ಎಂದು ಅರ್ಧ ದಿನ ಯೋಚಿಸಿದೆ. ನಮ್ಮ ಅಧ್ಯಕ್ಷರು, ತಾವೂ ಸಾಮೆ ಬೆಳೆಯುವ ಹಿರಿಯರು, "ಬರೀರಿ, ಯಾಕೆ ತಡ ಆತು ಅಂತನೂ ಬರೀರಿ" ಎಂದರು. ಬುಧವಾರ ಬೆಳಿಗ್ಗೆ ಇಮೇಲ್ ಕಳುಹಿಸಿದೆ. ನಾವು ಮಾತನಾಡಿದ್ದು ಕನ್ನಡದಲ್ಲಿಯಾದರೂ ಅವರ ವಿಭಾಗದ ಮುಖ್ಯಸ್ಥರಿಗೆ ಕನ್ನಡ ಓದಲು ಬಾರದೆಂದು ಮಾತಿನ ನಡುವೆ ತಿಳಿದಿದ್ದರಿಂದ ಇಂಗ್ಲಿಷಿನಲ್ಲಿ ಬರೆದೆ. ಅದರ ಕನ್ನಡ ರೂಪ ಹೀಗಿದೆ:

> ವಿಷಯ: ಸಾಮೆ ಅಕ್ಕಿ – ಹೊಟ್ಟು ಬಿಡಿಸಿದ ದಿನದಿಂದ ರವಾನೆಯವರೆಗೆ ಎಷ್ಟು ದಿನ (ನೀವು ಕೇಳಿದ ಲೆಕ್ಕ)
>
> ನಮಸ್ಕಾರ ಮೇಡಂ,
>
> ಭಾನುವಾರ ಮಧ್ಯಾಹ್ನ ಹಾವೇರಿಯ ರೈತ ಉತ್ಪಾದಕ ಕಂಪನಿಯ ಮಳಿಗೆಯಲ್ಲಿ ಪಾಲಿಶ್ ಮಾಡದ ಸಾಮೆ ಅಕ್ಕಿಯ ಬಾಳಿಕೆಯ ಬಗ್ಗೆ ಮಾತನಾಡಿದ್ದೆವು. ಹೊಟ್ಟು ಬಿಡಿಸಿದ ಮೇಲೆ ರವಾನೆಗೆ ಎಷ್ಟು ದಿನವಾಗುತ್ತದೆ ಎಂದು ನೀವು ಕೇಳಿದಿರಿ, ರಿಜಿಸ್ಟರ್ ನೋಡಿ ತಿಳಿಸುವುದಾಗಿ ಹೇಳಿದ್ದೆ.
>
> ಈ ಸುಗ್ಗಿಯ ಆರು ಲಾಟುಗಳಲ್ಲಿ ಐದು ಲಾಟುಗಳು 4ರಿಂದ 9 ದಿನಗಳೊಳಗೆ ಹೋಗಿವೆ. ಒಂದಕ್ಕೆ 16 ದಿನವಾಯಿತು. ಮುದ್ರಿತ ಚೀಲಗಳು ಬರುವುದು ತಡವಾಗಿದ್ದು ಅದಕ್ಕೆ ಕಾರಣ. ಈಗ ಚೀಲ ಕೈಗೆ ಬಂದ ಮೇಲಷ್ಟೇ ಯಂತ್ರ ಶುರುಮಾಡುತ್ತೇವೆ.
>
> ಒಪ್ಪಿಗೆಯಿದ್ದರೆ ತಲಾ 2 ಕಿಲೋದ ಎರಡು ಸ್ಯಾಂಪಲ್ ಕಳುಹಿಸುತ್ತೇನೆ. ಎರಡೂ ಒಂದೇ ರೈತರ ಗುಂಪಿನ ಸಾಮೆ. ಒಂದು ಕಳುಹಿಸುವ ದಿನವೇ ಹೊಟ್ಟು ಬಿಡಿಸಿದ್ದು, ಇನ್ನೊಂದು ಸುಮಾರು 45 ದಿನಗಳ ಹಿಂದೆ ಬಿಡಿಸಿದ್ದು. ನಿಮ್ಮ ಪ್ರಯೋಗಾಲಯದಲ್ಲಿ ಎರಡನ್ನೂ ಹೋಲಿಸಿ ನೋಡಬಹುದು. ಸ್ಯಾಂಪಲ್ ಬೇಕಿದ್ದರೆ ವಿಳಾಸ ತಿಳಿಸಿ. ಈಗ ಅಗತ್ಯವಿಲ್ಲವೆಂದರೆ ಅದನ್ನೂ ತಿಳಿಸಬಹುದು.

ಕೊನೆಗೆ ನನ್ನ ಹೆಸರು, ಹುದ್ದೆ ಮತ್ತು ಫೋನ್ ಸಂಖ್ಯೆ. ಪರಿಚಯ ಪುಸ್ತಿಕೆ ಸೇರಿಸಲಿಲ್ಲ, ದರದ ಮಾತೂ ಎತ್ತಲಿಲ್ಲ. ಅವರು ಗುಣಮಟ್ಟ ವಿಭಾಗದವರು, ದರ ನಿರ್ಧರಿಸುವವರಲ್ಲ. ಮೊದಲ ವಾಕ್ಯದಲ್ಲಿ ದಿನ, ಮಳಿಗೆ ಮತ್ತು ವಿಷಯ ಮೂರನ್ನೂ ಸೇರಿಸಿದ್ದಕ್ಕೆ ಕಾರಣವಿದೆ. ಎರಡು ದಿನಗಳಲ್ಲಿ ಅವರೂ ನೂರು ಜನರನ್ನು ನೋಡಿರುತ್ತಾರೆ, ನನ್ನ ಹೆಸರಿನಿಂದ ಅವರಿಗೆ ಏನೂ ನೆನಪಾಗುವುದಿಲ್ಲ, ತಾವು ಕೇಳಿದ ಪ್ರಶ್ನೆಯಿಂದ ಮಾತ್ರ ನೆನಪಾಗುತ್ತದೆ. ಮುಂದಿನ ಹೆಜ್ಜೆಯಾಗಿ ಸಭೆಯನ್ನಾಗಲಿ, ಕಾರ್ಖಾನೆಗೆ ಭೇಟಿಯನ್ನಾಗಲಿ ಕೇಳದೆ ಸ್ಯಾಂಪಲ್ ಎಂದದ್ದು, ಅದಕ್ಕೆ ಅವರು ಯಾರ ಅನುಮತಿಯನ್ನೂ ಪಡೆಯಬೇಕಿಲ್ಲ ಎಂಬ ಕಾರಣಕ್ಕೆ. ಜೊತೆಗೆ, ಹಳೆಯ ಸ್ಯಾಂಪಲ್ ಸೇರಿದ್ದರಿಂದ ಅದು ಅವರ ಪ್ರಶ್ನೆಗೇ ನೇರ ಉತ್ತರವಾಗುತ್ತಿತ್ತು. ತಾಜಾ ಅಕ್ಕಿಯನ್ನಷ್ಟೇ ಕಳುಹಿಸಿದ್ದರೆ ಯಾರ ಸ್ಯಾಂಪಲ್ ಆದರೂ ಚೆನ್ನಾಗಿಯೇ ಇರುತ್ತದೆ.

ಎಂಟು ದಿನ ಉತ್ತರ ಬರಲಿಲ್ಲ. ಕಾರ್ಡಿನಲ್ಲಿ ಮೊಬೈಲ್ ಸಂಖ್ಯೆಯಿತ್ತು, ವಾಟ್ಸ್ಆ್ಯಪ್‌ನಲ್ಲಿ ಕೇಳೋಣವೆಂದು ಮನಸ್ಸು ಎಳೆಯಿತು. ಆದರೆ ಅವರು ಬರೆಯಲು ಹೇಳಿದ್ದು ಇಮೇಲ್‌ಗೆ, ಹಾಗಾಗಿ ಅಲ್ಲಿಯೇ ನಿಂತೆ. ಒಂಬತ್ತನೆಯ ದಿನ ಅದೇ ಇಮೇಲ್‌ನ ಕೆಳಗೆ ಎರಡು ವಾಕ್ಯ ಸೇರಿಸಿ ಕಳುಹಿಸಿದೆ: "ಮುಂದಿನ ಶುಕ್ರವಾರ ಬೇರೊಂದು ಆರ್ಡರಿಗಾಗಿ ಸಾಮೆಯ ಹೊಟ್ಟು ಬಿಡಿಸುತ್ತಿದ್ದೇವೆ. ಗುರುವಾರದೊಳಗೆ ವಿಳಾಸ ಸಿಕ್ಕಿದರೆ ನಿಮ್ಮ 2 ಕಿಲೋವನ್ನು ಅದರಲ್ಲೇ ತೆಗೆದು ಅಂದೇ ಪಾರ್ಸೆಲ್ ಮಾಡಬಹುದು." ಹಿಂದಿನ ಇಮೇಲ್ ನೋಡಿದಿರಾ ಎಂದು ಕೇಳಲಿಲ್ಲ. ಆ ಪ್ರಶ್ನೆ ಎದುರಿನವರನ್ನು ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸುತ್ತದೆ, ಹೊಸದಾಗಿ ಏನನ್ನೂ ತಿಳಿಸುವುದಿಲ್ಲ. ಶುಕ್ರವಾರ ಯಂತ್ರ ನಡೆಯುವುದಿದ್ದದ್ದು ನಿಜವಾಗಿತ್ತು. ಹಾಗೆ ನಿಜವಾದ ದಿನ ಇಲ್ಲದಿದ್ದರೆ ಅವಸರ ಹುಟ್ಟಿಸಲು ಒಂದನ್ನು ಕಟ್ಟಿ ಹೇಳಬಾರದು, ಏಕೆಂದರೆ ಮುಂದೊಂದು ದಿನ ಅವರು ನಮ್ಮ ರಿಜಿಸ್ಟರನ್ನೇ ನೋಡಲು ಬರುತ್ತಾರೆ. ಇದಕ್ಕೂ ಉತ್ತರ ಬರದಿದ್ದರೆ ಮುಂದಿನ ಸುಗ್ಗಿಯವರೆಗೆ ಬರೆಯಬಾರದೆಂದು ನಿಶ್ಚಯಿಸಿದ್ದೆ.

ಗುರುವಾರ ಸಂಜೆ ಉತ್ತರ ಬಂತು, ಆದರೆ ಮೇಡಂ ಅವರಿಂದಲ್ಲ. ಅವರು ನನ್ನ ಮೊದಲ ಇಮೇಲ್ ಅನ್ನು ಹಾಗೆಯೇ ವಿಭಾಗದ ಮುಖ್ಯಸ್ಥರಿಗೆ ಕಳುಹಿಸಿದ್ದರು. ಮುಖ್ಯಸ್ಥರು ವಿಳಾಸದ ಜೊತೆಗೆ ಒಂದೇ ಪ್ರಶ್ನೆ ಕೇಳಿದ್ದರು: 16 ದಿನದ ಆ ಲಾಟಿನ ಬಗ್ಗೆ ಕೊಂಡವರಿಂದ ದೂರು ಬಂದಿತೇ? ಬಂದಿರಲಿಲ್ಲ. ಆದರೆ ಆ ಮಾಲು ಹೋದದ್ದು ಬೇಗ ಖರ್ಚಾಗುವ ಹೋಟೆಲಿಗೆ, ಅಂಗಡಿಯ ಕಪಾಟಿಗಲ್ಲ, ಆದ್ದರಿಂದ ದೂರು ಬರದಿದ್ದದ್ದನ್ನೇ ಪುರಾವೆಯಾಗಿ ತೆಗೆದುಕೊಳ್ಳಬೇಡಿ ಎಂದೂ ಬರೆದೆ.

ಎರಡೂ ಪೊಟ್ಟಣಗಳ ಮೇಲೆ ಹೊಟ್ಟು ಬಿಡಿಸಿದ ದಿನಾಂಕ, ನಮ್ಮ ಮೀಟರಿನಲ್ಲಿ ಬಂದ ತೇವಾಂಶ ಮತ್ತು ಲಾಟ್ ಸಂಖ್ಯೆ ಬರೆದು ಕಳುಹಿಸಿದೆವು. ಮೂರು ವಾರಗಳ ನಂತರ ಮುಖ್ಯಸ್ಥರೂ ಮೇಡಂ ಅವರೂ ಒಟ್ಟಿಗೆ ಫೋನಿನಲ್ಲಿ ಮಾತನಾಡಿದರು. ತಾಜಾ ಸ್ಯಾಂಪಲ್ ಒಪ್ಪಿಗೆಯಾಗಿತ್ತು. ಹಳೆಯದರಲ್ಲಿ ಅನ್ನ ಮಾಡಿದಾಗ ವಾಸನೆಯ ಆರಂಭ ಗೊತ್ತಾಗುತ್ತಿತ್ತು, ಅದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಹೊಟ್ಟು ಬಿಡಿಸಿದ ಏಳು ದಿನಗಳೊಳಗೆ ಮಾಲು ಬೆಂಗಳೂರಿನ ಗೋದಾಮು ತಲುಪಬೇಕು, ತಡವಾದರೆ ವಾಪಸು ಕಳುಹಿಸುವ ಹಕ್ಕು ಅವರದು ಎಂಬ ಷರತ್ತಿನ ಮೇಲೆ 300 ಕಿಲೋದ ಒಂದು ಪ್ರಯೋಗದ ಲಾಟ್ ಕೇಳಿದರು.

ಆ ಸಂಜೆಯೇ ಇಬ್ಬರಿಗೂ ಮತ್ತೊಂದು ಇಮೇಲ್ ಬರೆದೆ. "ಇಂದು ಮಾತನಾಡಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದರೆ ದಯವಿಟ್ಟು ತಿದ್ದಿ" ಎಂದು ಆರಂಭಿಸಿ, ಏಳು ದಿನದ ಷರತ್ತನ್ನೂ 300 ಕಿಲೋದ ಪ್ರಮಾಣವನ್ನೂ ಬರೆದು, ಮುಂದಿನ ಆರ್ಡರಿನ ಬಗ್ಗೆ ಸದ್ಯಕ್ಕೆ ಯಾವ ಮಾತೂ ಆಗಿಲ್ಲ ಎಂದು ಸೇರಿಸಿದೆ. ಮೇಡಂ ಒಂದು ತಿದ್ದುಪಡಿ ಕಳುಹಿಸಿದರು: ಏಳು ದಿನವನ್ನು ಹೊಟ್ಟು ಬಿಡಿಸಲು ಆರಂಭಿಸಿದ ದಿನದಿಂದ ಎಣಿಸಬೇಕು, ಮುಗಿದ ದಿನದಿಂದಲ್ಲ. ರಿಜಿಸ್ಟರಿನಲ್ಲಿ ನಾವು ಅಲ್ಲಿಯವರೆಗೆ ಮುಗಿದ ದಿನವನ್ನಷ್ಟೇ ಬರೆಯುತ್ತಿದ್ದೆವು. ಮರುದಿನ ಬೆಳಿಗ್ಗೆ ಅದರಲ್ಲಿ ಆರಂಭದ ದಿನಕ್ಕೆಂದು ಹೊಸ ಕಾಲಮ್ ಗೆರೆ ಎಳೆದೆವು.