ರೇಟ್ ಕಾರ್ಡ್ ಓದಿದರೆ ಬಿಲ್ ಎಷ್ಟಾಗುತ್ತೆ ಅಂತ ಗೊತ್ತಾಗಬೇಕು

ಶಿವಮೊಗ್ಗದ ಒಂದು ಲೇಡೀಸ್ ಸಲೂನಿನಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತೇನೆ. ಫೋನ್ ತೆಗೆಯುವುದು, ಅಪಾಯಿಂಟ್‌ಮೆಂಟ್ ಬರೆಯುವುದು, ಬಿಲ್ ಮಾಡುವುದು ನನ್ನ ಕೆಲಸ. ರೇಟ್ ಕಾರ್ಡ್ ನೋಡಿ ಜನರಿಗೆ ಏಳುವ ಅನುಮಾನಗಳೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತವೆ. ಅದಕ್ಕೇ ಇರಬೇಕು, ಕಾರ್ಡನ್ನು ಪೂರ್ತಿ ಬಿಚ್ಚಿ ಹೊಸದಾಗಿ ಬರೆಯುವ ಕೆಲಸವನ್ನು ನಮ್ಮ ಅಕ್ಕ, ಅಂದರೆ ಸಲೂನಿನ ಓನರ್, ನನಗೇ ಒಪ್ಪಿಸಿದರು.

ಹಳೇ ಕಾರ್ಡ್ ಹೇಗಿತ್ತು ಅಂದರೆ, ಯಾವ ಸರ್ವೀಸ್ ಯಾವಾಗ ಶುರುವಾಯಿತೋ ಅದು ಅಲ್ಲೇ ಕೆಳಗೆ ಸೇರಿಕೊಂಡಿತ್ತು. ಫೇಶಿಯಲ್ ಒಂದರಲ್ಲೇ ಹನ್ನೊಂದು ಹೆಸರು. ಬ್ಲೀಚ್ ಮೂರು ಕಡೆ, ಮೂರು ರೇಟು. ಹೇರ್ ಸ್ಪಾ ಮತ್ತು ಪೆಡಿಕ್ಯೂರ್ ಸ್ಪಾ ಎರಡೂ ‘ಸ್ಪಾ’ ಅನ್ನುವ ತಲೆಬರಹದ ಕೆಳಗೆ ಒಟ್ಟಿಗೆ ಕೂತಿದ್ದವು. ಸ್ಮೂದನಿಂಗ್ ಮುಂದೆ ‘3500ರಿಂದ ಮೇಲೆ’ ಅಂತ ಮಾತ್ರ ಇತ್ತು. ಮೇಲೆ ಅಂದರೆ ಎಲ್ಲಿಯವರೆಗೆ?

ತಿದ್ದಲು ಕೂತಾಗ ಮೊದಲು ಹೆಸರುಗಳನ್ನು ಪಕ್ಕಕ್ಕಿಟ್ಟೆ. ಪ್ರತಿ ಸರ್ವೀಸಿಗೂ ಒಂದು ಚೀಟಿ ಮಾಡಿ ನಾಲ್ಕೇ ವಿಷಯ ಬರೆದೆ. ಏನೇನು ಮಾಡುತ್ತೇವೆ, ಎಷ್ಟು ನಿಮಿಷ ಹಿಡಿಯುತ್ತೆ, ಏನೇನು ಸಾಮಾನು ಖರ್ಚಾಗುತ್ತೆ, ಯಾರು ಮಾಡುತ್ತಾರೆ. ನಿಮಿಷವನ್ನು ಬಾಯಿಮಾತಿನ ಮೇಲೆ ಬರೆಯಲಿಲ್ಲ, ಕೆಲಸ ನಡೆಯುವಾಗ ಗಡಿಯಾರ ನೋಡಿ ಬರೆದೆ. ಟವೆಲ್ ಹಾಕುವುದರಿಂದ ಹಿಡಿದು ಚೇರ್ ಒರೆಸಿ ಮುಂದಿನವರನ್ನು ಕರೆಯುವ ತನಕ ಲೆಕ್ಕ. ಕೆಲಸ ಮಾಡುವ ಹುಡುಗಿಯರು ‘ಅರ್ಧ ಗಂಟೆ ಅಕ್ಕ’ ಅನ್ನುವ ಕ್ಲೀನಪ್ ನಿಜಕ್ಕೂ 40 ನಿಮಿಷ ಹಿಡಿಯುತ್ತೆ.

ಚೀಟಿಗಳನ್ನು ಟೇಬಲ್ ಮೇಲೆ ಹರಡಿದಾಗ ಫೇಶಿಯಲ್ ಗುಂಪಿನ ಗುಟ್ಟು ಹೊರಬಿತ್ತು. ಫ್ರೂಟ್, ಪಪ್ಪಾಯ, ಪರ್ಲ್, ಅಲೋವೆರಾ, ಎಲ್ಲದರ ಹಂತಗಳೂ ಒಂದೇ. ಮುಖ ತೊಳೆಯುವುದು, ಸ್ಕ್ರಬ್, ಸ್ಟೀಮ್, ಬ್ಲ್ಯಾಕ್‌ಹೆಡ್ ತೆಗೆಯುವುದು, ಮಸಾಜ್, ಪ್ಯಾಕ್. ಸಮಯ ಒಂದೇ, ಕ್ರೀಮಿನ ಬೆಲೆಯೂ ಹತ್ತಿರ ಹತ್ತಿರ. ಆದರೂ ನಾಲ್ಕಕ್ಕೂ ಬೇರೆ ಬೇರೆ ರೇಟಿತ್ತು. ಇವು ನಾಲ್ಕು ಸರ್ವೀಸ್ ಅಲ್ಲ, ಒಂದೇ ಸರ್ವೀಸಿನ ನಾಲ್ಕು ಕ್ರೀಮ್. ಹಾಗಾಗಿ ಕಾರ್ಡಿನಲ್ಲಿ ‘ಸಾಮಾನ್ಯ ಫೇಶಿಯಲ್’ ಅಂತ ಒಂದೇ ಸಾಲು, ಒಂದೇ ರೇಟು. ಯಾವ ಕ್ರೀಮ್ ಅನ್ನುವುದು ಚರ್ಮ ನೋಡಿದ ಮೇಲೆ ಚೇರಿನಲ್ಲಿ ತೀರ್ಮಾನ ಆಗಲಿ. ದುಬಾರಿ ಕಿಟ್ ಬಳಸುವವುಗಳಿಗೆ ಇನ್ನೊಂದು ಸಾಲು. ಬ್ಲೀಚ್ ಮತ್ತು ಡಿಟ್ಯಾನ್ ಅದರ ಕೆಳಗೆ, ಬೇಕಾದವರು ಸೇರಿಸಿಕೊಳ್ಳುವ ಹಾಗೆ, ಒಂದೇ ಜಾಗದಲ್ಲಿ.

ಉಳಿದದ್ದನ್ನು ಜನ ಕೇಳುವ ರೀತಿಯಲ್ಲೇ ಗುಂಪು ಮಾಡಿದೆ. ಕೂದಲು, ಮುಖ, ಕೈ-ಕಾಲು, ಮದುವೆ ಮತ್ತು ಸಮಾರಂಭ. ಫೋನ್ ಮಾಡುವವರು ‘ಕೂದಲಿಗೆ ಏನಾದ್ರೂ ಮಾಡಿಸ್ಬೇಕು’ ಅಂತಾರೆಯೇ ಹೊರತು ‘ಕೆಮಿಕಲ್ ಟ್ರೀಟ್‌ಮೆಂಟ್ ವಿಭಾಗ’ ಅನ್ನಲ್ಲ ಅಲ್ವಾ. ಒಂದೊಂದು ಗುಂಪಿನೊಳಗೂ ತಿಂಗಳು ತಿಂಗಳು ಮಾಡಿಸುವ ಸಣ್ಣ ಕೆಲಸಗಳು ಮೊದಲು, ವರ್ಷಕ್ಕೊಮ್ಮೆ ಮಾಡಿಸುವ ದೊಡ್ಡವು ಆಮೇಲೆ.

ವಿವರಣೆ ಬರೆಯುವಾಗ ‘ಕಾಂತಿ’, ‘ಹೊಳಪು’, ‘ನವಚೈತನ್ಯ’ ಇಂಥವನ್ನೆಲ್ಲ ತೆಗೆದುಹಾಕಿದೆ. ಕ್ಲೀನಪ್ಪಿಗೂ ಫೇಶಿಯಲ್ಲಿಗೂ ಏನು ವ್ಯತ್ಯಾಸ ಅಂತ ಎಷ್ಟು ಜನ ಕೇಳುತ್ತಾರೋ! ಹಳೇ ಕಾರ್ಡಿನಲ್ಲಿ ಎರಡರ ಮುಂದೆಯೂ ಹೊಳಪೇ ಇತ್ತು. ಈಗ ಹೀಗಿದೆ:

‘ಕ್ಲೀನಪ್, 40 ನಿಮಿಷ. ಮುಖ ತೊಳೆದು, ಸ್ಕ್ರಬ್ ಮಾಡಿ, ಸ್ಟೀಮ್ ಕೊಟ್ಟು, ಬ್ಲ್ಯಾಕ್‌ಹೆಡ್ ತೆಗೆದು ಪ್ಯಾಕ್ ಹಾಕುತ್ತೇವೆ. ಮಸಾಜ್ ಇಲ್ಲ.’

‘ಸಾಮಾನ್ಯ ಫೇಶಿಯಲ್, 70 ನಿಮಿಷ. ಕ್ಲೀನಪ್ಪಿನಲ್ಲಿ ಇರುವುದೆಲ್ಲ, ಜೊತೆಗೆ ಮುಖ, ಕುತ್ತಿಗೆಗೆ ಕ್ರೀಮ್ ಮಸಾಜ್.’

ನಿಮಿಷ ಬರೆದದ್ದು ನಮ್ಮ ಕಡೆಯವರಿಗೆ ತುಂಬಾ ಉಪಯೋಗಕ್ಕೆ ಬಂತು. ನಮ್ಮಲ್ಲಿಗೆ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯಿಂದ ಬಸ್ಸಿನಲ್ಲಿ ಬರುವವರು ಜಾಸ್ತಿ. ತೀರ್ಥಹಳ್ಳಿಯೇ 60 ಕಿಲೋಮೀಟರ್ ಹತ್ತಿರ ಇದೆ. ಅಲ್ಲಿಂದ ಮುಂದೆ ಹಳ್ಳಿಗೆ ಹೋಗುವ ಬಸ್ ತಪ್ಪಿದರೆ ಗತಿ ಇಲ್ಲ. ಮಧ್ಯಾಹ್ನ 2 ಗಂಟೆಗೆ ಬಂದು ಸ್ಮೂದನಿಂಗ್ ಕೇಳಿದರೆ, ‘ಇದಕ್ಕೆ 4ರಿಂದ 5 ಗಂಟೆ’ ಅಂತ ಕಾರ್ಡಿನಲ್ಲೇ ಇದ್ದರೆ ಅವರೇ ಇನ್ನೊಂದು ದಿನ ಬೆಳಿಗ್ಗೆ ಬರುತ್ತಾರೆ.

ಏನು ಆಗುವುದಿಲ್ಲ ಅನ್ನುವುದನ್ನೂ ಬರೆಯಬೇಕು. ಅಡಿಕೆ ಕೊಯ್ಲಿನ ಸಮಯದಲ್ಲಿ ಹಸಿ ಅಡಿಕೆ ಸುಲಿದು ಕೈಯೆಲ್ಲ ಕರೆಗಟ್ಟಿ ಬರುತ್ತಾರೆ, ಮುಂದಿನ ವಾರ ಮನೆಯಲ್ಲಿ ಮದುವೆ ಇರುತ್ತೆ. ಮ್ಯಾನಿಕ್ಯೂರ್ ಮಾಡಿದರೆ ಆ ಕರೆ ತಿಳಿಯಾಗುತ್ತೆ, ಪೂರ್ತಿ ಹೋಗುವುದಿಲ್ಲ. ಮೇಲಿನ ಚರ್ಮ ಸವೆದು ಹೊಸದು ಬಂದಾಗಲೇ ಅದು ಹೋಗುವುದು. ಮ್ಯಾನಿಕ್ಯೂರ್ ಸಾಲಿನಲ್ಲಿ ಇದನ್ನು ಹಾಗೇ ಬರೆದಿದ್ದೇವೆ.

ಇನ್ನು ರೇಟು. ಇಲ್ಲಿ ಮೊದಲು ಮಾಡಬೇಕಾದ್ದು ಬರೀ ಕೂಡುವ ಲೆಕ್ಕ. ಥ್ರೆಡಿಂಗ್ ನೋಡಿ. ಐಬ್ರೋ 50, ಅಪ್ಪರ್ ಲಿಪ್ 30, ಹಣೆ 30, ಗಲ್ಲ 30, ಎರಡೂ ಕೆನ್ನೆ ಸೇರಿ 60. ಒಟ್ಟು 200. ಅದರ ಕೆಳಗೇ ‘ಫುಲ್ ಫೇಸ್ 250’ ಅಂತ ಇತ್ತು! ಬಿಡಿಬಿಡಿಯಾಗಿ ಮಾಡಿಸಿದರೇ ಕಡಿಮೆ. ಯಾರೂ ಮೋಸ ಮಾಡಲು ಬರೆದದ್ದಲ್ಲ. ಒಂದು ಸಾಲು ಏರಿಸಿದಾಗ ಪಕ್ಕದ ಸಾಲು ನೋಡದೆ ಬಿಟ್ಟರೆ ಹೀಗೇ ಆಗುತ್ತೆ. ಹೊಸ ಕಾರ್ಡಿನಲ್ಲಿ ಫುಲ್ ಫೇಸ್ 180. ವ್ಯಾಕ್ಸಿಂಗ್ ಕಾಂಬೊಗಳನ್ನೂ ಹೀಗೇ ಕೂಡಿ ನೋಡಿದೆ. ಫುಲ್ ಆರ್ಮ್, ಅಂಡರ್ ಆರ್ಮ್, ಹಾಫ್ ಲೆಗ್ ಬೇರೆ ಬೇರೆ ಕೂಡಿದ್ದಕ್ಕಿಂತ ಕಾಂಬೊ ಕಡಿಮೆ ಇರಬೇಕು. ಹನಿ ವ್ಯಾಕ್ಸಿನಲ್ಲಿ ಹಾಫ್ ಲೆಗ್ಗಿಗೂ ಫುಲ್ ಲೆಗ್ಗಿಗೂ ಇರುವ ಪ್ರಮಾಣ ದುಬಾರಿ ವ್ಯಾಕ್ಸಿನಲ್ಲೂ ಇರಬೇಕು.

ಕೂದಲಿನ ರೇಟಿಗೆ ಬರೀ ಕೂಡುವುದು ಸಾಲದು. ಹೇರ್ ಸ್ಪಾ ಲೆಕ್ಕ ಹೇಗೆ ಹಾಕಿದೆವು ಅಂತ ಹೇಳುತ್ತೇನೆ. ಬಾಡಿಗೆ, ಸಂಬಳ, ಕರೆಂಟು, ನೀರು, ಲಾಂಡ್ರಿ ಎಲ್ಲ ಸೇರಿ ತಿಂಗಳಿಗೆ 1,20,000 ಅಂತ ಇಟ್ಟುಕೊಳ್ಳಿ. ಮೂರು ಜನ, 26 ದಿನ, ಒಬ್ಬೊಬ್ಬರಿಗೆ ದಿನಕ್ಕೆ ನಿಜವಾಗಿ ಕೈಗೆ ಕೆಲಸ ಇರುವುದು 5 ಗಂಟೆ. ಅಂದರೆ 23,400 ನಿಮಿಷ. ಭಾಗಿಸಿದರೆ ಒಂದು ನಿಮಿಷಕ್ಕೆ 5 ರೂಪಾಯಿ ಚಿಲ್ಲರೆ. ಲಾಭಕ್ಕೂ ಬಿಲ್ಲಿನ ತೆರಿಗೆಗೂ ಜಾಗ ಬಿಟ್ಟು 7 ರೂಪಾಯಿ ಮಾಡಿಕೊಂಡೆವು. ಸಲೂನ್ ತೆರೆದಿರುವ 10 ಗಂಟೆಯನ್ನು ಲೆಕ್ಕಕ್ಕೆ ಹಿಡಿದರೆ ನಿಮಿಷದ ರೇಟು ಅರ್ಧಕ್ಕೆ ಇಳಿದು ಕಾಣುತ್ತೆ, ಆದರೆ ಖಾಲಿ ಕೂತ ಹೊತ್ತಿನ ಬಾಡಿಗೆಯೂ ಇದೇ ಬಿಲ್ಲಿನಿಂದಲೇ ಬರಬೇಕು.

ಸ್ಪಾ ಕ್ರೀಮಿನ 500 ಗ್ರಾಂ ಡಬ್ಬಿ 800 ರೂಪಾಯಿ ಆದರೆ ಗ್ರಾಮಿಗೆ 1 ರೂಪಾಯಿ 60 ಪೈಸೆ. ಅಡುಗೆಮನೆಯ ತೂಕದ ಮೆಷಿನ್ ಮೇಲೆ ಬಟ್ಟಲಿಟ್ಟು ತೂಗಿ ನೋಡಿದೆವು. ಗಿಡ್ಡ ಕೂದಲಿಗೆ 30 ಗ್ರಾಂ, ಮಧ್ಯಮಕ್ಕೆ 50, ಉದ್ದಕ್ಕೆ 80. ಸಮಯ 45, 60, 75 ನಿಮಿಷ. ಎರಡೂ ಸೇರಿದರೆ 363, 500, 653. ಐವತ್ತರ ಲೆಕ್ಕಕ್ಕೆ ತಂದು 350, 500, 650 ಮಾಡಿದೆವು. ಒಂದೊಂದು ಮೆಟ್ಟಿಲಿಗೂ 150. ಹಳೇ ಕಾರ್ಡಿನಲ್ಲಿ ಗಿಡ್ಡದಿಂದ ಮಧ್ಯಮಕ್ಕೆ 100, ಮಧ್ಯಮದಿಂದ ಉದ್ದಕ್ಕೆ 400 ಏರುತ್ತಿತ್ತು. ಕೌಂಟರಿನಲ್ಲಿ ಜಗಳ ಬರುತ್ತಿದ್ದದ್ದು ಆ ಎರಡನೇ ಮೆಟ್ಟಿಲಿನಲ್ಲೇ.

ಜಗಳಕ್ಕೆ ಇನ್ನೊಂದು ಕಾರಣ, ಉದ್ದ ಅಂದರೆ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಮಲೆನಾಡಿನವರಿಗೆ ಬೆನ್ನಿನ ನಡುವಿಗೆ ಬಂದ ಕೂದಲು ಉದ್ದ ಅನ್ನಿಸುವುದೇ ಇಲ್ಲ. ಒಬ್ಬರು ಕೇಳಿಯೇಬಿಟ್ಟರು, ‘ಇದು ಉದ್ದನಾ? ನಮ್ಮ ಅಮ್ಮನ್ನ ನೋಡಿದ್ರೆ ಏನಂತೀರಿ ಮೇಡಂ?’ ಈಗ ಕಾರ್ಡಿನಲ್ಲಿ ಮೈಯ ಗುರುತು ಕೊಟ್ಟಿದ್ದೇವೆ. ಭುಜದ ತನಕ ಗಿಡ್ಡ, ಬೆನ್ನಿನ ನಡುವಿನ ತನಕ ಮಧ್ಯಮ, ಸೊಂಟದ ತನಕ ಉದ್ದ. ಅದಕ್ಕಿಂತ ಉದ್ದ ಅಥವಾ ತುಂಬಾ ದಟ್ಟ ಇದ್ದರೆ ಇನ್ನೊಂದು ಮೆಟ್ಟಿಲು, ಅಂದರೆ 150. ಗುಂಗುರು ಕೂದಲನ್ನು ಎಳೆದು ಹಿಡಿದು ಅಳೆಯಬೇಕು, ಇಲ್ಲದಿದ್ದರೆ ಗಿಡ್ಡ ಕಾಣುತ್ತೆ. ಅವತ್ತೇ ಕಟಿಂಗ್ ಇದ್ದರೆ ಕಟ್ ಆದ ಮೇಲೆ ಅಳತೆ. ಈ ಅಳತೆ, ರೇಟು ಎರಡನ್ನೂ ಏಪ್ರನ್ ಕಟ್ಟುವ ಮುಂಚೆಯೇ ಹೇಳಿಬಿಡಬೇಕು.

ಸ್ಮೂದನಿಂಗ್ ಮತ್ತು ಕೆರಾಟಿನ್ ಹಳೇ ಕಾರ್ಡಿನಲ್ಲಿ ಗೆರೆ ಹಾಕಿ ಒಂದೇ ಸಾಲಿನಲ್ಲಿದ್ದವು. ಎರಡೂ ಬೇರೆ ಕೆಲಸ. ಸ್ಮೂದನಿಂಗ್ ಕ್ರೀಮ್ ಕೂದಲಿನ ಒಳಗಿನ ಬಂಧಗಳನ್ನೇ ಸಡಿಲಿಸುತ್ತೆ, ಐರನ್ ಮಾಡಿದ ಮೇಲೆ ನ್ಯೂಟ್ರಲೈಸರ್ ಹಾಕಿ ಅವನ್ನು ನೇರವಾಗಿ ಕೂರಿಸುತ್ತೇವೆ. ಮಾಡಿದ ಕೂದಲು ನೇರವಾಗೇ ಉಳಿಯುತ್ತೆ, ಬುಡದಿಂದ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬರುವ ಹೊಸ ಕೂದಲು ಮೊದಲಿನ ಹಾಗೇ ಇರುತ್ತೆ. ಕೆರಾಟಿನ್ ಹೆಚ್ಚಾಗಿ ಮೇಲಿನ ಲೇಪ. ಸಿಕ್ಕು, ಉಬ್ಬು ಕಡಿಮೆಯಾಗುತ್ತೆ, ಕೆಲವು ತಿಂಗಳಲ್ಲಿ ತೊಳೆದುಹೋಗುತ್ತೆ. ಇಷ್ಟನ್ನು ಎರಡೆರಡು ಸಾಲಿನಲ್ಲಿ ಬರೆದು, ಕೆಳಗೆ ಎಚ್ಚರಿಕೆ ಸೇರಿಸಿದೆ. ಮೆಹೆಂದಿ ಹಚ್ಚುವವರು ಮೊದಲೇ ಹೇಳಿ, ಒಂದು ಎಳೆಯ ಮೇಲೆ ಟೆಸ್ಟ್ ಮಾಡುತ್ತೇವೆ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಮಾಡುವುದಿಲ್ಲ. ಮಾಡಿದ ಮೇಲೆ ಮೂರು ದಿನ ಕೂದಲು ನೆನೆಯಬಾರದು. ಈ ಕೊನೆಯ ಮಾತು ನಮ್ಮೂರಿಗೆ ಬಹಳ ಮುಖ್ಯ. ಜೂನ್, ಜುಲೈ ಮಳೆಯಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲೇ ತಲೆ ಒದ್ದೆ. ಮಳೆಗಾಲದ ಬುಕಿಂಗಿಗೆ ಮುಂಚೆ ನಾವೇ ಇದನ್ನು ಓದಿ ಹೇಳುತ್ತೇವೆ.

ತೆರಿಗೆ ವಿಷಯ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಆದರೆ ಕ್ರೀಮ್ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯುವ ಹಾಗಿಲ್ಲ. ಹಾಗಾಗಿ ಗ್ರಾಮಿನ ಲೆಕ್ಕಕ್ಕೆ ತೆರಿಗೆ ಸೇರಿದ ಬೆಲೆಯನ್ನೇ ಹಿಡಿಯಬೇಕು. ಕಾರ್ಡಿನಲ್ಲಿರುವ ರೇಟುಗಳೆಲ್ಲ ತೆರಿಗೆ ಸೇರಿಯೇ. ಕೌಂಟರಿನಲ್ಲಿ ಮೇಲೆ ಏನೂ ಸೇರುವುದಿಲ್ಲ.

ಕಾರ್ಡಿನ ಕೊನೆಯಲ್ಲಿ ಯಾವ ತಿಂಗಳಿನಿಂದ ಈ ರೇಟು ಅಂತ ಹಾಕಿದ್ದೇವೆ. ಹೊಸದು ಪ್ರಿಂಟಾದ ದಿನವೇ ಗೋಡೆಯ ಬೋರ್ಡು, ವಾಟ್ಸಾಪಿನ ಫೋಟೋ, ಕನ್ನಡಿಗೆ ಅಂಟಿಸಿದ ಚೀಟಿ ಎಲ್ಲ ಬದಲಾಗಬೇಕು, ಇಲ್ಲದಿದ್ದರೆ ಎರಡು ರೇಟು ಓಡಾಡುತ್ತವೆ. ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದ ಮದುವೆಗಳಿಗೆ ಮಾತ್ರ ಹಳೇ ರೇಟೇ. ಅವರ ಹೆಸರಿನ ಮುಂದೆ ಒಪ್ಪಿದ ಮೊತ್ತವನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ.