ಖಾಲಿ ಉಳಿದ 38 ಸಾಲುಗಳು

ಹಳೆಯ ಜಾಲತಾಣಗಳನ್ನು ಹೊಸ ವಿನ್ಯಾಸಕ್ಕೆ ಸಾಗಿಸಿಕೊಡುವುದು ನನ್ನ ಕೆಲಸ. ಗ್ರಾಹಕರು ತಾವಾಗಿಯೇ ಬರಲಿ ಎಂದು ಮೊದಲು ‘ಉತ್ತಮ ಜಾಲತಾಣಕ್ಕೆ 50 ಸೂತ್ರಗಳು’ ಎಂಬ ಉಚಿತ ಚೆಕ್‌ಲಿಸ್ಟ್ ಮಾಡಿದ್ದೆ. ಇಮೇಲ್ ವಿಳಾಸ ಕೊಟ್ಟವರಿಗೆ ಮಾತ್ರ ಅದು ಸಿಗುತ್ತಿತ್ತು. ವಿಳಾಸಗಳೇನೋ ರಾಶಿ ಬಿದ್ದವು. ಆದರೆ ಬರೆದು ವಿಚಾರಿಸಿದರೆ ಹೆಚ್ಚಿನವರು ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು, ಉಳಿದವರು ನನ್ನದೇ ಕಸುಬಿನವರು.

ಒಂದು ಸಂಜೆ, ನನಗೆ ನಿಜವಾಗಿ ಕೆಲಸ ಕೊಟ್ಟ ಮೂವರ ಮೊದಲ ಪತ್ರಗಳನ್ನು ಮತ್ತೆ ತೆರೆದು ಓದಿದೆ. ಮೂವರದೂ ಒಂದೇ ಅಳಲು: ಹೊಸ ತಾಣ ಬಂದ ಮೇಲೆ ಗೂಗಲ್‌ನಿಂದ ಬರುವವರು ಕಡಿಮೆಯಾದರು. ಪುಟಗಳ ವಿಳಾಸ ಬದಲಾಗಿತ್ತು, ಹಳೆಯದರಿಂದ ಹೊಸದಕ್ಕೆ ದಾರಿ ತೋರುವ 301 ರೀಡೈರೆಕ್ಟ್ ಹಾಕಿರಲಿಲ್ಲ. ಪೆಟ್ಟು ಬಿದ್ದ ಮೇಲೆ ಬಂದ ಇಂಥವರು ಎರಡು ತಿಂಗಳು ಮೊದಲೇ ಬಂದಿದ್ದರೆ ಎಂದು ಮನಸ್ಸು ಹಿಂಡಿತು.

ಐವತ್ತೂ ಸೂತ್ರಗಳನ್ನು ಬಿಟ್ಟು ಅಂದೇ ಒಂದು ಹಾಳೆ ಮಾಡಿದೆ. ನಾಲ್ಕೇ ಕಾಲಂ: ಹಳೆಯ ವಿಳಾಸ, ಕಳೆದ 12 ತಿಂಗಳಲ್ಲಿ ಬಂದ ಕ್ಲಿಕ್, ಹೊಸ ವಿಳಾಸ, ಹೊಣೆ ಯಾರದು. ಮೊದಲ ಎರಡನ್ನು, ಹುಡುಕಾಟದಿಂದ ಬಂದ ಕ್ಲಿಕ್‌ಗಳ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಿಂದ ಇಳಿಸಿಕೊಳ್ಳಬಹುದು. ಅಲ್ಲಿಂದ ಒಮ್ಮೆಗೆ 1,000 ಸಾಲುಗಳಷ್ಟೇ ಸಿಗುತ್ತವೆ ಎಂಬುದನ್ನೂ ಬರೆದೆ. ಮೂರನೆಯದನ್ನು ಅವರೇ ತುಂಬಬೇಕು. ಜೋಡಿ ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಬೇಡಿ, ಗೂಗಲ್ ಅಂಥವನ್ನು ಇಲ್ಲದ ಪುಟಗಳೆಂದೇ ಎಣಿಸಬಹುದು ಎಂದು ಕೆಳಗೆ ಎಚ್ಚರಿಸಿದೆ.

ಹಾಳೆಯ ನೆತ್ತಿಯಲ್ಲಿ ಬರೆದದ್ದು ಇಷ್ಟು: ‘ನೂರಕ್ಕಿಂತ ಹೆಚ್ಚು ಪುಟಗಳಿದ್ದು, ಹೊಸ ತಾಣ ಇನ್ನೂ ಬಿಡುಗಡೆಯಾಗದವರಿಗೆ ಮಾತ್ರ. ಹತ್ತು ಪುಟದ ತಾಣವಾದರೆ ಇದನ್ನು ನೀವೇ ಸುಲಭವಾಗಿ ಮುಗಿಸಬಹುದು.’ ಇಮೇಲ್ ಕೇಳುವುದನ್ನು ತೆಗೆದೆ. ಕೊನೆಯಲ್ಲಿ ಒಂದೇ ಕೋರಿಕೆ: ‘ಮೂರನೆಯ ಕಾಲಂ ಖಾಲಿ ಉಳಿದ ಸಾಲುಗಳನ್ನು ನನಗೆ ಕಳುಹಿಸಿ.’ ನನ್ನ ಮಟ್ಟಿಗೆ ಇಡೀ ಹಾಳೆಯ ಜೀವ ಇರುವುದು ಆ ಸಾಲಿನಲ್ಲಿ. ಪಟ್ಟಿ ತುಂಬಿದವರಿಗೆ ತಮ್ಮ ತೊಂದರೆ ಎಷ್ಟು ದೊಡ್ಡದೆಂದು ನಾನು ಹೇಳದೆಯೇ ಗೊತ್ತಾಗಿರುತ್ತದೆ. ಎಲ್ಲವನ್ನೂ ತುಂಬಲು ಸಾಧ್ಯವಾದವರಿಗೆ ನನ್ನ ಅಗತ್ಯವೇ ಇಲ್ಲ, ಅವರ ಕೆಲಸವೂ ಆಯಿತು.

ಹಾಳೆ ಇಳಿಸಿಕೊಂಡವರು ಮೊದಲಿಗಿಂತ ತೀರಾ ಕಡಿಮೆ. ಕೆಲವು ವಾರಗಳ ನಂತರ ಒಬ್ಬ ಮಹಿಳೆ ಹಾಳೆಯನ್ನು ಲಗತ್ತಿಸಿ ಬರೆದರು: “ಒಟ್ಟು 212 ಪುಟಗಳಲ್ಲಿ 38ಕ್ಕೆ ಜೋಡಿ ಸಿಗುತ್ತಿಲ್ಲ. ಅತಿ ಹೆಚ್ಚು ಕ್ಲಿಕ್ ಬರುವ ಪುಟವೂ ಅದರಲ್ಲೇ ಇದೆ. ಬಿಡುಗಡೆಗೆ ಐದು ವಾರಗಳಿವೆ. ಏನು ಮಾಡುವುದು?”

ಅವರಿಗೆ ಕರೆ ಮಾಡಿದೆ. ನನ್ನ ಕೆಲಸವೇನು, ಅದು ಏಕೆ ಬೇಕು ಎಂದು ಆ ಕರೆಯಲ್ಲಿ ವಿವರಿಸುವ ಪ್ರಮೇಯವೇ ಬರಲಿಲ್ಲ. ಹಾಳೆಯನ್ನು ಇಬ್ಬರೂ ಎದುರಿಗಿಟ್ಟುಕೊಂಡು, ಅತಿ ಹೆಚ್ಚು ಕ್ಲಿಕ್ ಇದ್ದ ಆ ಪುಟವನ್ನು ಹೊಸ ತಾಣದಲ್ಲೂ ಉಳಿಸಿಕೊಳ್ಳುವುದೆಂದು ಮೊದಲು ತೀರ್ಮಾನಿಸಿ, ಉಳಿದ 37ಕ್ಕೆ ಕೈಹಾಕಿದೆವು.