ಪುಗಸಟ್ಟೆ ಮಾಲಿಗೆ ಬೆಲೆ ಎಷ್ಟು?

ಗುರುವಾರದಿಂದ ಒಂದೇ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿದೆ. "ನಾಳೆ ಲಾರಿಗೆ ಬೆಂಕಿ ಹತ್ತಿತು ಅಂತ ತಿಳೀರಿ ಅಕ್ಕಾರ. ಎಷ್ಟು ಕೇಳ್ತೀರಿ? 14 ರೂಪಾಯಿ?"

ಹೇಳಿದ್ದು ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಕಾಕಾ. ಚಹಾದ ಗ್ಲಾಸು, ಮಾಲಿನ ಜೊತೆ ಹೋಗಬೇಕಾದ ನಮ್ಮ ಚಲನ್ ಮೇಲೇ ಇಟ್ಟುಕೊಂಡು ಕೂತಿದ್ದರು. ಗ್ಲಾಸು ಎತ್ತಿದಾಗ ನನ್ನ ಸಹಿಯ ಸುತ್ತ ಚಹಾದ ಉಂಗುರ.

ನಾನು ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತೇನೆ. ಹೈಡ್ರಾಲಿಕ್ ಗೇರ್ ಪಂಪು ನಮ್ಮ ಮಾಲು. ಪುಣೆಗೆ ಕಳಿಸಿದ್ದರಲ್ಲಿ 14 ಪಂಪಿನ ಶಾಫ್ಟ್ ಸೀಲು ಸೋರಿತು. ವಾರಂಟಿ ಇನ್ನೂ ಇತ್ತು. ನಮ್ಮ ಮಾಲಕರು ವಾದ ಮಾಡಲಿಲ್ಲ, ಹೊಸವು ಕಳಿಸಿಬಿಡಿ ಅಂದರು. ಆ ವಿಷಯದಲ್ಲಿ ಒಳ್ಳೆಯ ಮನುಷ್ಯ. ಕಾಗದ ಅಂದರೆ ಮಾತ್ರ ಅಸಡ್ಡೆ. "ರೊಕ್ಕ ತಗೊಳ್ಳೂದಿಲ್ಲಲ್ಲ, ಒಂದೊಂದು ರೂಪಾಯಿ ಹಾಕು" ಅಂದರು. ನಾನೂ ಹಾಕಿದೆ. ಒಟ್ಟು 14 ರೂಪಾಯಿ. 50,000 ದಾಟಲಿಲ್ಲ ಅಂತ, ಮಾಲು ರಸ್ತೆಗಿಳಿಯುವ ಮುಂಚೆ ಸರಕಾರದ ಪೋರ್ಟಲಿನಲ್ಲಿ ಮಾಡಬೇಕಾದ ಇ-ವೇ ಬಿಲ್ಲೂ ಮಾಡಲಿಲ್ಲ.

ಬಿಲ್ ಮಾಡದೆ ಚಲನ್ ಮಾಡಿದ್ದು ಸರಿಯೇ ಇತ್ತು. ನನಗಿಂತ ಮುಂಚೆ ಇದ್ದವರು ಇಂಥದ್ದೇ ಮಾಲಿಗೆ ಮಾಮೂಲಿ ಟ್ಯಾಕ್ಸ್ ಇನ್‌ವಾಯ್ಸ್ ಹರಿದಿದ್ದರು. ಅದು ಮಾರಾಟದಲ್ಲಿ ಸೇರಿತು, ನಮ್ಮ ಮೇಲೆ ತೆರಿಗೆ ಬಂತು, ಪಾರ್ಟಿ ಖಾತೆಯಲ್ಲಿ ಬಾಕಿ ಅಂತ ನಿಂತಿತು. ಕೊಡಬೇಕಿಲ್ಲದ ಹಣಕ್ಕೆ ನಾನು ಬಂದ ಹೊಸದರಲ್ಲಿ ಎರಡು ಸಲ ಫೋನ್ ಮಾಡಿ ಬೈಸಿಕೊಂಡಿದ್ದೇನೆ. ಕೊನೆಗೆ ಕ್ರೆಡಿಟ್ ನೋಟ್ ಕೊಟ್ಟು ಬಗೆಹರಿಸಿದ್ದಾಯಿತು.

ತಪ್ಪಿದ್ದು ಬೆಲೆಯಲ್ಲಿ. ಇ-ವೇ ಬಿಲ್ ಕೇಳುವುದು ರಸ್ತೆಯಲ್ಲಿ ಹೋಗುವ ಮಾಲು ಎಷ್ಟು ಬಾಳುತ್ತದೆ ಅಂತ. ಯಾರು ಎಷ್ಟು ಕೊಟ್ಟರು ಅನ್ನುವುದು ಅದಕ್ಕೆ ಬೇಕಿಲ್ಲ. ಮಾರಾಟ ಅಲ್ಲದ ಸಾಗಾಟಕ್ಕೂ ಅದೇ ಮಿತಿ. ಹಿಂದಿನ ಬಿಲ್ಲಿನಲ್ಲಿ ಒಂದು ಪಂಪಿಗೆ 6,200 ಇತ್ತು. 14ಕ್ಕೆ 86,800. ಹೀಗಿರುವಾಗ 14 ರೂಪಾಯಿಯ ಕಾಗದ ಹಿಡಿದು ಗಡಿ ದಾಟಿ ಹೊರಟರೆ ನಡುವೆ ಯಾರಾದರೂ ಪೆಟ್ಟಿಗೆ ಬಿಚ್ಚಿಸದೆ ಬಿಡುತ್ತಾರಾ? ಕಾಕಾ ಹೇಳಿದ್ದೂ ಅದೇ. ಅವರು ಕಾನೂನಿನಿಂದ ಹೇಳಲಿಲ್ಲ, ಬೆಂಕಿಯಿಂದ ಹೇಳಿದರು.

ಶುಕ್ರವಾರ ಮತ್ತೆ ಕೂತು ಬರೆದೆ. ಡೆಲಿವರಿ ಚಲನ್ ಮೂರು ಪ್ರತಿ: ಒಂದು ಪಾರ್ಟಿಗೆ, ಒಂದು ಲಾರಿಯವರಿಗೆ, ಒಂದು ನಮಗೆ. ಬೆಲೆ 86,800. ಕೆಳಗೆ "ವಾರಂಟಿ ಬದಲಿ, ಮಾರಾಟಕ್ಕಲ್ಲ" ಅಂತ ಸಾಲು, ಜೊತೆಗೆ ಹಳೆಯ ಬಿಲ್ಲಿನ ನಂಬರು, ದೂರಿನ ನಂಬರು. ಈ ನಂಬರು ಬರೆಯದಿದ್ದರೆ ಆರು ತಿಂಗಳ ಮೇಲೆ ಆಡಿಟರ್ ಕೇಳಿದಾಗ ಇವು ಯಾಕೆ ಹೋದವು ಅಂತ ನಮಗೇ ನೆನಪಿರುವುದಿಲ್ಲ. ಇ-ವೇ ಪೋರ್ಟಲಿನಲ್ಲಿ `Delivery Challan` ಆರಿಸಿ, ಕಾರಣದ ಜಾಗದಲ್ಲಿ `Others` ಒತ್ತಿ, ಅಲ್ಲೂ ಅದೇ ಸಾಲು ಬರೆದೆ.

ಅಷ್ಟರಲ್ಲಿ ಮಾಲಕರು ಹೊಸ ಮಾಡೆಲಿನ ಎರಡು ಪಂಪು ತಂದಿಟ್ಟರು. "ಇವೂ ಹೋಗ್ಲಿ, ಸ್ಯಾಂಪಲ್ಲು. ಅದರಾಗ ಸೇರಿಸು." ಸೇರಿಸಲಿಲ್ಲ. ಬದಲಿಗೂ ಸ್ಯಾಂಪಲ್ಲಿಗೂ ದುಡ್ಡಿಲ್ಲ, ಆದರೆ ಲೆಕ್ಕ ಬೇರೆ. ಬದಲಿ ಪಂಪಿನ ಖರ್ಚು ಮೊದಲು ಮಾರಿದಾಗ ತೆಗೆದುಕೊಂಡ ಬೆಲೆಯಲ್ಲೇ ಸೇರಿರುತ್ತದೆ. ಹಾಗಾಗಿ ಕಚ್ಚಾ ಮಾಲು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಂಡ ಕ್ರೆಡಿಟ್ ಹಿಂದಿರುಗಿಸಬೇಕಿಲ್ಲ. ಬಿಡಿಭಾಗದ ಬದಲಿಗೆ 2023ರ ಜುಲೈ ಸುತ್ತೋಲೆ, ಇಡೀ ಮಾಲಿನ ಬದಲಿಗೂ 2024ರ ಜೂನ್ ಸುತ್ತೋಲೆ ಇದನ್ನು ಬಿಡಿಸಿ ಹೇಳಿದವು. ಸ್ಯಾಂಪಲ್ಲಿಗೆ ಅಂಥ ಹಿಂದಿನ ಮಾರಾಟವೇ ಇಲ್ಲ, ಅದರ ಕ್ರೆಡಿಟ್ ಬಿಟ್ಟುಕೊಡಬೇಕು. ಒಂದಕ್ಕೆ 2,600ರ ಸಾಮಾನು ಹಿಡಿದಿತ್ತು. ಶೇಕಡಾ 18ರಂತೆ 468, ಎರಡಕ್ಕೆ 936. ತಿಂಗಳ ರಿಟರ್ನಿನಲ್ಲಿ ವಾಪಸ್ ತೋರಿಸಲು ಡೈರಿಯಲ್ಲಿ ಗುರುತು ಹಾಕಿಕೊಂಡು ಬೇರೆ ಚಲನ್ ಮಾಡಿದೆ. ಮಾಲಕರು "936ಕ್ಕ ಇಷ್ಟೊಂದಾ" ಅಂತ ಗೊಣಗಿದರು. ಗೊಣಗಲಿ ಬಿಡಿ.

ಆದರೆ ಕಾಕಾನ ಪ್ರಶ್ನೆ ಪಂಪಿಗೇ ನಿಲ್ಲಲಿಲ್ಲ. ರಾತ್ರಿ ಅವ್ವ ಪಕ್ಕದ ಮನೆಯವರ ಡಬ್ಬಿ ವಾಪಸ್ ಕೊಡುವಾಗ ಸುಮ್ನೆ ಖಾಲಿ ಕೊಡಬಾರದು ಅಂತ ನಾಲ್ಕು ಕರದಂಟು ಹಾಕಿದಳು. ಅವ್ವನ ಚಲನ್ ಸೀರೀಸ್ ನನ್ನದಕ್ಕಿಂತ ಹಳೆಯದು, ಒಂದೂ ತಪ್ಪಿಲ್ಲ. ಆಮೇಲೆ ನನ್ನ ಶನಿವಾರದ ಸಂಜೆಗಳು ನೆನಪಾದವು. ಏಳು ಗಂಟೆಯವರೆಗೆ ಕೂರುತ್ತೇನೆ, ಓವರ್‌ಟೈಮ್ ಇಲ್ಲ. ಆ ಸಂಜೆಗಳಿಗೆ ಒಂದೊಂದು ರೂಪಾಯಿ ಅಂತ ಬರೆದುಕೊಂಡಿದ್ದು ಮಾಲಕರಾ, ನಾನಾ?

ಇವತ್ತು ಕಾಕಾನ ಮುಂದೆ ಎರಡೂ ಚಲನ್ ಇಟ್ಟೆ. ಕನ್ನಡಕ ಮೇಲೆತ್ತಿ ಬೆಲೆ ಓದಿದರು, ಲಾರಿ ನಂಬರು ಪೋರ್ಟಲಿಗೆ ಹಾಕಿಸಿದರು, ರಸೀತಿಗೆ ಸಿಕ್ಕಾ ಒತ್ತಿದರು. ಗ್ಲಾಸು ಈ ಸಲ ಪಕ್ಕಕ್ಕಿತ್ತು.

"ಈಗ ಸುಟ್ಟರೂ ಚಿಂತಿಲ್ಲ ನೋಡ್ರಿ" ಅಂದರು.